ರಾತ್ರಿ ತುರಿಕೆ, ಮನೆಮಂದಿಗೆಲ್ಲ ಗುಳ್ಳೆ

"ಹಾವೇರಿಯಲ್ಲಿದ್ದೇವೆ. ಮೂರು ವಾರದಿಂದ ರಾತ್ರಿ ಹೊದ್ದುಕೊಂಡು ಮಲಗಿದ ಕೂಡಲೇ ಮೈಯೆಲ್ಲ ತುರಿಕೆ. ಈಗ ಹೆಂಡತಿಗೂ ಮಗನಿಗೂ ಅಂಥದ್ದೇ ಗುಳ್ಳೆ ಎದ್ದಿವೆ. ಇದು ಅಲರ್ಜಿನಾ?"

ಅಲರ್ಜಿ ಆಗಿದ್ದರೆ ಒಬ್ಬರ ಹಿಂದೆ ಒಬ್ಬರಿಗೆ ಬರುವುದು ಅಪರೂಪ. ನೀವು ಹೇಳಿದ್ದು ಕಜ್ಜಿಯ ಲಕ್ಷಣ. ಡಾಕ್ಟರು ಇದನ್ನು ಸ್ಕೇಬೀಸ್ ಅನ್ನುತ್ತಾರೆ. ಬೆರಳ ಸಂದು, ಮಣಿಕಟ್ಟು, ಹೊಕ್ಕಳ ಸುತ್ತ, ಸೊಂಟ, ಗಂಡಸರಿಗೆ ಜನನಾಂಗದ ಮೇಲೆ ಗುಳ್ಳೆ ಇವೆಯಾ ನೋಡಿ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆ ಇಡುತ್ತದೆ.

ಗದಗದಲ್ಲಿ ನಮ್ಮ ಮನೆಯಲ್ಲಿ ಐದು ಜನ. ಮೊದಲು ಹಾಸ್ಟೆಲಿಂದ ಬಂದ ಮಗನಿಗೆ ಶುರುವಾಯಿತು. ಮೆಡಿಕಲ್ ಶಾಪಿನವರು ಕೊಟ್ಟ ಕ್ರೀಮಿನಲ್ಲಿ ಸ್ಟಿರಾಯ್ಡ್ ಇತ್ತು. ನಾಲ್ಕು ದಿನ ತುರಿಕೆ ಕಡಿಮೆಯಾಯಿತು, ಹುಳ ಸಾಯಲಿಲ್ಲ, ಗುಳ್ಳೆ ಇನ್ನೂ ಹಬ್ಬಿದವು. ಆಮೇಲೆ ಚರ್ಮದ ಡಾಕ್ಟರು ಪರ್ಮೆಥ್ರಿನ್ 5% ಕ್ರೀಮು ಬರೆದು, ಎಲ್ಲರೂ ಹಚ್ಚಿಕೊಳ್ಳಿ ಅಂದರು. ಅತ್ತೆ "ನನಗೇನು ತುರಿಸ್ತಿಲ್ಲ" ಅಂದರು, ನಾನೂ ಸುಮ್ಮನಾದೆ. ಮೂರು ವಾರಕ್ಕೆ ಅವರಿಗೂ ತುರಿಕೆ ಬಂತು, ಅವರ ಕೌದಿಯಲ್ಲೇ ಮಲಗುವ ಮಗಳಿಗೆ ಮತ್ತೆ ಬಂತು. ಮೊದಲ ಸಲ ಹುಳ ಹೊಕ್ಕಾಗ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಆ ದಿನಗಳಲ್ಲೂ ಅವರಿಂದ ಇನ್ನೊಬ್ಬರಿಗೆ ಅಂಟುತ್ತದೆ. ಇದು ನನಗೆ ಆಗ ಗೊತ್ತಿರಲಿಲ್ಲ.

ಎರಡನೇ ಸಲ ಐವರೂ ಒಂದೇ ರಾತ್ರಿ ಹಚ್ಚಿಕೊಂಡೆವು. ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆರಳ ಸಂದು, ಉಗುರಿನ ಕೆಳಗೆ, ಪೃಷ್ಠದ ಸಂದು, ಎಲ್ಲ ಕಡೆ. ಗುಳ್ಳೆ ಇದ್ದಲ್ಲಿ ಮಾತ್ರ ಹಚ್ಚಿದರೆ ಕೆಲಸಕ್ಕೆ ಬಾರದು. ದೊಡ್ಡವರಿಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ ಬೇಕು. ಮೊದಲ ಸಲ ನಾವು ಉಳಿಸಲು ಹೋಗಿ ತೆಳ್ಳಗೆ ಸವರಿದ್ದೆವು. 8ರಿಂದ 12 ತಾಸು ಮೈಮೇಲೆ ಬಿಟ್ಟು ಬೆಳಿಗ್ಗೆ ಸ್ನಾನ. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ವಾರದ ನಂತರ ಎಲ್ಲರೂ ಇನ್ನೊಂದು ಸಲ ಹಚ್ಚಿಕೊಂಡೆವು. ಕೂಸು ಅಥವಾ ಬಸುರಿ ಇದ್ದರೆ ಡಾಕ್ಟರನ್ನು ಕೇಳಿಯೇ ಹಚ್ಚಿ. ಕೂಸುಗಳಿಗೆ ತಲೆಗೂ ಮುಖಕ್ಕೂ ಹಚ್ಚಲು ಹೇಳುತ್ತಾರೆ.

ಹಚ್ಚಿದ ಮರುದಿನವೇ ಬಟ್ಟೆ, ಹಾಸಿಗೆ ಚಾದರ, ಟವೆಲ್ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿದೆವು. ಕೌದಿ ಒಗೆಯುವುದು ಕಷ್ಟ ಅಲ್ವಾ, ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಟ್ಟೆವು. ಮನುಷ್ಯರ ಮೈ ಬಿಟ್ಟರೆ ಈ ಹುಳ ಎರಡು ಮೂರು ದಿನಕ್ಕಿಂತ ಜಾಸ್ತಿ ಬದುಕುವುದಿಲ್ಲ. ಮನೆಗೆಲ್ಲ ಔಷಧಿ ಹೊಡೆಸುವುದು ಬೇಕಿಲ್ಲ.

ಹುಳ ಸತ್ತ ಮೇಲೂ ಎರಡರಿಂದ ನಾಲ್ಕು ವಾರ ತುರಿಸಬಹುದು. ಹೆದರಿ ದಿನಾ ಕ್ರೀಮು ಹಚ್ಚಬೇಡಿ, ಚರ್ಮ ಉರಿಯುತ್ತದೆ. ನಾಲ್ಕು ವಾರ ಕಳೆದರೂ ಹೊಸ ಗುಳ್ಳೆ ಏಳುತ್ತಿದ್ದರೆ, ಅಥವಾ ಕೀವು, ಜ್ವರ ಬಂದರೆ, ಮತ್ತೆ ಡಾಕ್ಟರಿಗೆ ತೋರಿಸಿ.