ಮಾರಾಟದಿಂದ ಕೊನೆಯ ಲಾಭದವರೆಗೆ

ಪ್ರಶ್ನೆ: ನಮ್ಮ ಬೇಕರಿಯ ವರ್ಷದ ಮಾರಾಟ 40 ಲಕ್ಷ, ಆದರೆ ಲೆಕ್ಕದ ಕೊನೆಯಲ್ಲಿ ಲಾಭ ಬರೀ 3 ಲಕ್ಷ. ಮಧ್ಯೆ ದುಡ್ಡು ಎಲ್ಲಿ ಹೋಯ್ತು?

ಉತ್ತರ: ಮೊದಲು ಮಾರಿದ ಮಾಲಿನ ಖರ್ಚು ನೋಡಿ. ವರ್ಷದ ಶುರುವಿನ ಸ್ಟಾಕ್ 1 ಲಕ್ಷ, ಖರೀದಿ 24.5 ಲಕ್ಷ, ಕೊನೆಗೆ ಉಳಿದ ಸ್ಟಾಕ್ 1.5 ಲಕ್ಷ ಅಂದುಕೊಳ್ಳಿ. ಆಗ ಮಾರಿದ ಮಾಲಿನ ಖರ್ಚು 24 ಲಕ್ಷ. ಉಳಿದ 16 ಲಕ್ಷವೇ ಗ್ರಾಸ್ ಲಾಭ, ಅಂದರೆ ಮಾರಾಟದ ನೂರಕ್ಕೆ 40.

ನಾನು ಜಾಸ್ತಿ ಹೊತ್ತು ನೋಡೋದು ಇಲ್ಲೇ. ಕೊನೆಯ ಸ್ಟಾಕನ್ನು ಎಣಿಸದೆ ಸುಮ್ನೆ 1 ಲಕ್ಷ ಜಾಸ್ತಿ ಬರೆದರೆ ಲಾಭವೂ ಅಷ್ಟೇ ಉಬ್ಬುತ್ತದೆ. ದರ, ವ್ಯಾಪಾರ ಎರಡೂ ಹಾಗೇ ಇದ್ದು, ಹೋದ ವರ್ಷ ನೂರಕ್ಕೆ 36 ಇದ್ದದ್ದು ಈಗ 40 ಆಗಿದ್ದರೆ ಸ್ಟಾಕ್ ಪಟ್ಟಿ ತೆಗೆದು ನೋಡಿ.

ಮುಂದೆ ಬಾಡಿಗೆ, ಸಂಬಳ, ಕರೆಂಟಿಗೆ 10.5 ಲಕ್ಷ, ಓವನ್ ಸವಕಳಿಗೆ 1 ಲಕ್ಷ ಕಳೆಯಿರಿ. ಸವಕಳಿಗೆ ಈ ವರ್ಷ ಕೈಯಿಂದ ದುಡ್ಡು ಹೋಗಿರುವುದಿಲ್ಲ. ಉಳಿದ 4.5 ಲಕ್ಷದಲ್ಲಿ ಸಾಲದ ಬಡ್ಡಿ 1.5 ಲಕ್ಷ ಹೋದರೆ ನಿಮ್ಮ 3 ಲಕ್ಷ.

ಸಾಲದ ಕಂತಿನ ಅಸಲು, ಮನೆಗೆ ತೆಗೆದುಕೊಂಡ ದುಡ್ಡು ಈ ಹಾಳೆಯಲ್ಲಿ ಕಾಣುವುದಿಲ್ಲ. ಹಾಗಾಗಿ ಲಾಭ 3 ಲಕ್ಷ ಇದ್ದರೂ ಬ್ಯಾಂಕಿನಲ್ಲಿ ಅಷ್ಟು ಇರಲೇಬೇಕು ಅಂತಿಲ್ಲ.