ಹಲ್ಲು ಬರುವಾಗ ಜೊಲ್ಲು ಸಹಜ, ಭೇದಿ ಸಹಜವಲ್ಲ

“ಅಕ್ಕಾ, ನನ್ನ ಮಗಳಿಗೆ ಏಳು ತಿಂಗಳು. ಜೊಲ್ಲು ಸುರಿಸುತ್ತಾಳೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ. ನಿನ್ನೆಯಿಂದ ನೀರಿನ ಹಾಗೆ ಭೇದಿ, ರಾತ್ರಿ ಮೈ ಸುಡುತ್ತಿತ್ತು. ‘ಹಲ್ಲು ಬರ್ತಾ ಇದೆ, ಅದಕ್ಕೇ ಹೀಗೆ, ಔಷಧಿ ಏನೂ ಬೇಡ’ ಅಂತಾರೆ ಅತ್ತೆ. ವಸಡಿಗೆ ಹಚ್ಚುವ ಜೆಲ್ ತರಿಸಲಾ? ಜೇನು ಹಚ್ಚಲಾ?”
— ಒಬ್ಬ ತಾಯಿ, ಹೊಸನಗರ ತಾಲ್ಲೂಕು

ತಂಗೀ, ನಿಮ್ಮ ಪತ್ರ ವಾಟ್ಸಾಪ್‌ನಲ್ಲಿ ಬಂದ ಬೆಳಿಗ್ಗೆಯೇ ನಾನು ಫೋನ್ ಮಾಡಿದ್ದು ನಿಮಗೆ ನೆನಪಿರುತ್ತದೆ. ಪತ್ರಿಕೆ ಅಚ್ಚಾಗುವವರೆಗೆ ಕಾಯುವ ವಿಷಯ ಅದಾಗಿರಲಿಲ್ಲ. ಅವತ್ತು ನಡೆದದ್ದನ್ನು ಬರೆಯಲು ನೀವು ಒಪ್ಪಿದಿರಿ. ಹಾಗಾಗಿ ಉಳಿದ ತಾಯಂದಿರಿಗೂ ಉಪಯೋಗ ಆಗಲಿ ಅಂತ ವಿವರವಾಗಿಯೇ ಬರೆಯುತ್ತಿದ್ದೇನೆ.

ಫೋನಿನಲ್ಲಿ ನಾನು ಹಲ್ಲಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಬೆಳಿಗ್ಗೆಯಿಂದ ಎಷ್ಟು ಸಲ ಭೇದಿಯಾಯಿತು ಅಂತ ಕೇಳಿದೆ. ಆರು ಸಲ ಅಂದಿರಿ. ಉಚ್ಚೆ ಯಾವಾಗ ಹೊಯ್ದಳು ಅಂತ ಕೇಳಿದೆ. ನಸುಕಿನಲ್ಲಿ ಕಟ್ಟಿದ ಬಟ್ಟೆ ಹನ್ನೊಂದು ಗಂಟೆಗೂ ಒಣಗಿಯೇ ಇತ್ತು. ಆಶಾ ಕಾರ್ಯಕರ್ತೆಯ ಥರ್ಮಾಮೀಟರ್ ತರಿಸಿ ನೋಡಿದಾಗ 101.6 ಡಿಗ್ರಿ. ನೆತ್ತಿಯ ಮೇಲೆ ಬೆರಳಿಟ್ಟು ನೋಡಿ ಎಂದಾಗ ನಿಮ್ಮ ದನಿ ಸಣ್ಣಗಾಯಿತು. “ಸ್ವಲ್ಪ ಕುಳಿ ಬಿದ್ದ ಹಾಗಿದೆ ಅಕ್ಕಾ” ಅಂದಿರಿ. ಇದು ಹಲ್ಲಲ್ಲ, ಮಗುವಿನ ಮೈಯ ನೀರು ಹೋಗುತ್ತಿದೆ, ಈಗಲೇ ಹೊರಡಿ ಎಂದೆ.

ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟರು. ಅದು ತಟ್ಟನೆ ಸಮ ಆಗಲಿಲ್ಲ, ನಿಧಾನವಾಗಿ ಕೆಳಗೆ ಹೋಯಿತು. ಮಗು ಎಚ್ಚರವಾಗಿತ್ತು, ಕೊಟ್ಟರೆ ಆಸೆಯಿಂದ ಕುಡಿಯುತ್ತಿತ್ತು. ಹಾಗಾಗಿ ಡ್ರಿಪ್ ಹಾಕಲಿಲ್ಲ. ಅಲ್ಲೇ ಕೂರಿಸಿ ನಾಲ್ಕು ಗಂಟೆ ಓಆರ್‌ಎಸ್ ಕುಡಿಸಿದರು. ಅದರ ಲೆಕ್ಕ ಕಿಲೋಗೆ 75 ಮಿಲಿ. ನಿಮ್ಮ ಮಗಳು ಏಳು ಕಿಲೋ, ಅಂದರೆ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ. ಒಂದೊಂದೇ ಚಮಚ, ನಡುವೆ ಎದೆಹಾಲು. ಒಮ್ಮೆ ವಾಂತಿ ಮಾಡಿದಾಗ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಶುರು ಮಾಡಿದಿರಿ. ಮಧ್ಯಾಹ್ನ ಮೂರಕ್ಕೆ ಬಟ್ಟೆ ಒದ್ದೆಯಾಯಿತು ಅಂತ ನೀವು ಫೋನ್ ಮಾಡಿದಾಗ ನನಗೂ ಉಸಿರು ಬಂತು.

ಮನೆಗೆ ಬಂದ ಮೇಲೆ ಪ್ರತಿ ಸಲ ನೀರು ಭೇದಿಯಾದಾಗಲೂ ಕಾಲು ಲೋಟದಿಂದ ಅರ್ಧ ಲೋಟ, ಅಂದರೆ 50ರಿಂದ 100 ಮಿಲಿ ಓಆರ್‌ಎಸ್ ಕೊಡಬೇಕು. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ. ಸಣ್ಣ ಪ್ಯಾಕೆಟ್ ಆದರೆ ಅದರ ಮೇಲೆ ಬರೆದಷ್ಟೇ ನೀರು. ಅರ್ಧ ಪುಡಿ ಹಾಕಿ ಅಂದಾಜಿನ ಮೇಲೆ ಕಲಸಬೇಡಿ, ಉಪ್ಪು ಜಾಸ್ತಿಯಾದರೆ ಅದೇ ತೊಂದರೆ. ಇವತ್ತು ಕಲಸಿದ್ದು ನಾಳೆಗೆ ಬೇಡ. ಜೊತೆಗೆ ಜಿಂಕ್ ಮಾತ್ರೆ, ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಮೂರನೇ ದಿನ ಭೇದಿ ನಿಂತಿತು ಅಂತ ಜಿಂಕ್ ನಿಲ್ಲಿಸುವವರೇ ಜಾಸ್ತಿ. ನೀವು ಹಾಗೆ ಮಾಡಬೇಡಿ. ಎದೆಹಾಲನ್ನಂತೂ ಯಾರು ಹೇಳಿದರೂ ಬಿಡಿಸಬೇಡಿ.

ಈಗ ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ಅವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಅವರು ಕಣ್ಣಾರೆ ಕಂಡದ್ದನ್ನೇ ಹೇಳಿದ್ದಾರೆ. ಮೊದಲ ಹಲ್ಲು ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿನಲ್ಲಿ, ಕೆಳಗಿನ ವಸಡಿನ ನಡುವೆ ಬರುತ್ತದೆ. ಕೆಲವು ಮಕ್ಕಳಿಗೆ ನಾಲ್ಕು ತಿಂಗಳಿಗೇ ಬರುತ್ತದೆ, ಕೆಲವರಿಗೆ ವರ್ಷ ತುಂಬಬೇಕು. ಅದೇ ಆರು ತಿಂಗಳ ಹೊತ್ತಿಗೆ ತಾಯಿಯ ಹೊಟ್ಟೆಯಲ್ಲಿದ್ದಾಗ ಸಿಕ್ಕಿದ್ದ ರೋಗ ತಡೆಯುವ ಶಕ್ತಿಯೂ ಕರಗುತ್ತಾ ಬಂದಿರುತ್ತದೆ. ಅನ್ನಪ್ರಾಶನ ಆಗಿರುತ್ತದೆ. ಮಗು ಅಂಬೆಗಾಲಿಟ್ಟು ನೆಲದಲ್ಲಿ ಬಿದ್ದದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಮೇಲಾಗಿ, 20 ಹಾಲುಹಲ್ಲು ಪೂರ್ತಿ ಬರಲು ಎರಡೂವರೆಯಿಂದ ಮೂರು ವರ್ಷ ಬೇಕು. ಆ ವಯಸ್ಸಿನಲ್ಲಿ ಮಗುವಿಗೆ ಯಾವ ಕಾಯಿಲೆ ಬಂದರೂ ಒಂದಲ್ಲ ಒಂದು ಹಲ್ಲು ಬರುತ್ತಲೇ ಇರುತ್ತದೆ, ಅಲ್ವಾ? ಎರಡೂ ಒಟ್ಟಿಗೆ ಕಾಣುವುದರಿಂದ ಒಂದರಿಂದ ಇನ್ನೊಂದು ಬಂತು ಅನಿಸುತ್ತದೆ.

ನಿಮ್ಮ ಮನೆಯಲ್ಲಿ ಏನಾಗಿತ್ತು ಅಂತ ಆಮೇಲೆ ಮಾತಾಡುವಾಗ ಗೊತ್ತಾಯಿತು. ಬೆಳಿಗ್ಗೆ ಮಾಡಿದ ರಾಗಿ ಮಣ್ಣಿಯನ್ನು ಸಂಜೆಯವರೆಗೂ ಇಟ್ಟು ತಿನ್ನಿಸುತ್ತಿದ್ದಿರಿ. ಆ ವಾರದ ಮಳೆಗೆ ಬಾವಿ ನೀರು ಕೆಂಪಾಗಿತ್ತು, ಮಣ್ಣಿಯ ಪಾತ್ರೆ ಅದೇ ನೀರಲ್ಲಿ ತೊಳೆದದ್ದು. ಇದರಿಂದಲೇ ಆಯಿತು ಅಂತ ಖಂಡಿತ ಹೇಳಲಾಗದು, ಆದರೆ ನನ್ನ ಅನುಮಾನ ಇರುವುದು ಅಲ್ಲೇ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಮಗುವಿಗೆ ಕೊಡುವ ನೀರು ಕುದ್ದೇ ಇರಬೇಕು, ಮಣ್ಣಿ ಆಗಾಗಲೇ ಮಾಡಿದ್ದಾಗಬೇಕು.

ಹಾಗಾದರೆ ಹಲ್ಲು ಬರುವಾಗ ನಿಜಕ್ಕೂ ಏನಾಗುತ್ತದೆ? ಜೊಲ್ಲು ಜಾಸ್ತಿ. ಕಚ್ಚುವುದು, ವಸಡು ತಿಕ್ಕಿಕೊಳ್ಳುವುದು. ಸುಮ್ನೆ ಕಿರಿಕಿರಿ, ರಾತ್ರಿ ಒಂದೆರಡು ಸಲ ಹೆಚ್ಚಿಗೆ ಏಳುವುದು. ಗಟ್ಟಿ ಊಟ ಸ್ವಲ್ಪ ಬೇಡ ಅನ್ನುವುದು. ಗಲ್ಲದ ಮೇಲೆ ಜೊಲ್ಲಿನ ಗುಳ್ಳೆ. ಮೈ ಒಂಚೂರು ಬೆಚ್ಚಗಾಗಬಹುದು, ಆದರೆ 100.4 ಡಿಗ್ರಿ ಮುಟ್ಟುವುದಿಲ್ಲ. ಕಂಕುಳಲ್ಲಿಟ್ಟ ಥರ್ಮಾಮೀಟರ್ ಸ್ವಲ್ಪ ಕಡಿಮೆಯೇ ತೋರಿಸುತ್ತದೆ, ಹಾಗಾಗಿ ಅಲ್ಲಿ 100 ಕಂಡರೂ ಅದನ್ನು ಹಲ್ಲಿನ ತಲೆಗೆ ಕಟ್ಟಬೇಡಿ. ಇವೆಲ್ಲ ಹಲ್ಲು ಹೊರಬರುವ ಮೂರ್ನಾಲ್ಕು ದಿನ ಮೊದಲು ಶುರುವಾಗಿ, ಬಂದ ಮೂರು ದಿನಕ್ಕೆ ಮುಗಿಯುತ್ತವೆ. ತಿಂಗಳುಗಟ್ಟಲೆ ಹಲ್ಲಿನ ಕಾಟ ಅನ್ನುವುದು ಇಲ್ಲ. ಕೆಲವೊಮ್ಮೆ ವಸಡಿನ ಮೇಲೆ ನೀಲಿ ಬಣ್ಣದ ಸಣ್ಣ ಉಬ್ಬು ಕಾಣಿಸುತ್ತದೆ. ಹಲ್ಲು ಬಂದರೆ ಅದು ತಾನೇ ಹೋಗುತ್ತದೆ, ಚುಚ್ಚಬಾರದು.

ಸಮಾಧಾನ ಮಾಡುವುದಕ್ಕೆ ಬೇಕಾದದ್ದು ಮನೆಯಲ್ಲೇ ಇದೆ. ಸೋಪು ಹಾಕಿ ತೊಳೆದ ಬೆರಳಿನಿಂದ ವಸಡನ್ನು ಒಂದೆರಡು ನಿಮಿಷ ಮೆತ್ತಗೆ ಒತ್ತಿ ಉಜ್ಜಿ. ಹಳೆಯ ಪಂಚೆಯ ಶುಭ್ರ ತುಂಡನ್ನು ಕುದಿಸಿ ಆರಿಸಿದ ನೀರಲ್ಲಿ ಅದ್ದಿ, ಹಿಂಡಿ, ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಕಾಲು ಗಂಟೆ ಇಟ್ಟು ಕಚ್ಚಲು ಕೊಡಿ, ನೀವು ಪಕ್ಕದಲ್ಲೇ ಇರಿ. ಮೇಲಿನ ಐಸ್ ಪೆಟ್ಟಿಗೆಯಲ್ಲಿ ಇಡಬೇಡಿ, ಗಡ್ಡೆ ಕಟ್ಟಿದ್ದು ವಸಡಿಗೆ ಗಾಯ ಮಾಡುತ್ತದೆ. ಮಳೆಗೆ ಕರೆಂಟು ಹೋಗಿದ್ದರೆ ಸ್ಟೀಲ್ ಚಮಚವನ್ನು ಕುದಿಸಿ ತಣಿಸಿದ ನೀರಲ್ಲಿ ಅದ್ದಿಟ್ಟು ಅದರ ಹಿಂಭಾಗದಿಂದ ವಸಡು ಒತ್ತಿದರೂ ಆಯಿತು. ನಮ್ಮ ಆಷಾಢದಲ್ಲಿ ನೀರು ತಾನಾಗಿಯೇ ತಣ್ಣಗಿರುತ್ತದೆ. ಅಂಗಡಿಯದ್ದೇ ಬೇಕಾದರೆ ಒಳಗೆ ನೀರು ತುಂಬಿಲ್ಲದ ಗಟ್ಟಿ ರಬ್ಬರಿನ ಟೀದರ್ ತೆಗೆದುಕೊಳ್ಳಿ. ಕ್ಯಾರೆಟ್ ತುಂಡು ಕೊಡಬೇಡಿ, ಚೂರು ಮುರಿದು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಗಲ್ಲದ ಗುಳ್ಳೆಗೆ ಮುಖ್ಯ ಕಾರಣ ಒದ್ದೆ ಬಟ್ಟೆ. ಮಳೆಗಾಲದಲ್ಲಿ ಜೊಲ್ಲುಬಟ್ಟೆ ಒಣಗುವುದೇ ಇಲ್ಲ. ಅರೆ ಒಣಗಿದ್ದನ್ನೇ ಮತ್ತೆ ಕಟ್ಟಿದರೆ ಕತ್ತಿನ ಮಡಿಕೆಯೆಲ್ಲ ಕೆಂಪಾಗುತ್ತದೆ. ನಾಲ್ಕೈದು ಬಟ್ಟೆ ಇಟ್ಟುಕೊಂಡು ಬಚ್ಚಲೊಲೆಯ ಹತ್ತಿರ ಪೂರ್ತಿ ಒಣಗಿಸಿ. ಜೊಲ್ಲನ್ನು ಉಜ್ಜದೆ ಒತ್ತಿ ಒರೆಸಿ, ಮೇಲೆ ತೆಳ್ಳಗೆ ವ್ಯಾಸಲಿನ್ ಹಚ್ಚಿ.

ಜೆಲ್ ತರಿಸಬೇಡಿ. ಮರಗಟ್ಟಿಸುವ ಜೆಲ್ ಜೊಲ್ಲಿನ ಜೊತೆ ಕೆಲವೇ ನಿಮಿಷಕ್ಕೆ ಗಂಟಲಿಗೆ ಇಳಿಯುತ್ತದೆ. ಬೆಂಜೊಕೇನ್ ಇರುವ ಜೆಲ್‌ನಿಂದ ಅಪರೂಪಕ್ಕಾದರೂ ರಕ್ತ ಆಮ್ಲಜನಕ ಹೊರಲಾರದೆ ಮಗುವಿನ ತುಟಿ ನೀಲಿಯಾಗುವುದುಂಟು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಬೇಡವೇ ಬೇಡ ಎಂದಿತು. ಲಿಡೊಕೇನ್ ಇರುವುದೂ ಬೇಡ. ಕೋಲೀನ್ ಸ್ಯಾಲಿಸಿಲೇಟ್ ಅಂತ ಬರೆದಿದ್ದರೆ ಅದು ಆಸ್ಪಿರಿನ್ ಕುಟುಂಬದ್ದು, ಮಕ್ಕಳಿಗಲ್ಲ. ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದಿ, ಇವುಗಳಲ್ಲಿ ಒಂದು ಹೆಸರು ಇದ್ದರೂ ವಾಪಸ್ ಕೊಡಿ.

ಜೇನು ಎಷ್ಟೇ ಒಳ್ಳೆಯ ಕಾಡುಜೇನಾಗಿರಲಿ, ವರ್ಷ ತುಂಬುವವರೆಗೆ ಬೇಡ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜ ದೊಡ್ಡವರಿಗೆ ಏನೂ ಮಾಡದು, ಆದರೆ ಶಿಶುವಿನ ಕರುಳಲ್ಲಿ ಮೊಳೆತು ವಿಷ ಬಿಡುತ್ತದೆ. ಬೊಟುಲಿಸಂ ಅಂತಾರೆ ಅದಕ್ಕೆ. ಮಗು ಮೈಬಿಟ್ಟು ಸೋತು ಹೋಗುತ್ತದೆ. ಬಜೆ ತೇಯ್ದು ವಸಡಿಗೆ ಹಚ್ಚುವುದೂ ಬೇಡ. ಎಷ್ಟು ಹೊಟ್ಟೆಗೆ ಹೋಯಿತು ಎಂಬ ಅಳತೆ ಇಲ್ಲ, ತೇಯುವ ಕಲ್ಲು ಶುಭ್ರವಾಗಿರುತ್ತದೆ ಎಂಬ ಭರವಸೆಯೂ ಇಲ್ಲ. ಕತ್ತಿಗೆ ಮಣಿಸರ ಕಟ್ಟಬೇಡಿ, ನಿದ್ದೆಯಲ್ಲಿ ಬಿಗಿದುಕೊಳ್ಳಬಹುದು.

ಮಗು ತೀರಾ ನರಳಿದರೆ ವೈದ್ಯರು ಪ್ಯಾರಸಿಟಮಾಲ್ ಬರೆದುಕೊಡಬಹುದು. ಇಲ್ಲಿ ಒಂದು ತಪ್ಪು ಆಗುತ್ತಲೇ ಇರುತ್ತದೆ. ಹನಿಯ ಬಾಟಲಿಯಲ್ಲಿ ಸಾಮಾನ್ಯವಾಗಿ ಒಂದು ಮಿಲಿಯಲ್ಲೇ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ ಅಷ್ಟೇ ಔಷಧಿ ಸಿಗಲು ಸುಮಾರು ನಾಲ್ಕು ಮಿಲಿ ಬೇಕು. ಸಿರಪ್ಪಿನ ಅಳತೆಯಲ್ಲಿ ಹನಿ ಕುಡಿಸಿದರೆ ನಾಲ್ಕು ಪಟ್ಟು ಆಯಿತು. ಚೀಟಿಯಲ್ಲಿ ಯಾವುದು ಬರೆದಿದ್ದಾರೆ, ಅಂಗಡಿಯವರು ಯಾವುದು ಕೊಟ್ಟರು ಅಂತ ನೋಡಿ. ತೂಕ ಹೇಳಿ ಅಳತೆ ಬರೆಸಿಕೊಳ್ಳಿ. ಎರಡು ಸಲದ ನಡುವೆ ಆರು ಗಂಟೆ ಬಿಡಿ.

ಭೇದಿಯೊಂದೇ ಹಲ್ಲಿನ ಹೆಸರಲ್ಲಿ ಅಡಗಿ ಕೂರುವುದಲ್ಲ. ನನ್ನ ಮಗ ಎಂಟು ತಿಂಗಳವನಿದ್ದಾಗ ತೀರ್ಥಹಳ್ಳಿಯ ತವರಿನಲ್ಲಿದ್ದೆ. ಜೊಲ್ಲು, ಅಳು, ಜ್ವರ, ಜೊತೆಗೆ ಎಡಗಿವಿ ಎಳೆದುಕೊಳ್ಳುತ್ತಿದ್ದ. ಹಲ್ಲಿನ ನೋವು ಕಿವಿಗೆ ಬಂದಿದೆ ಅಂತ ಮನೆಯವರೆಲ್ಲ ಹೇಳಿದರು, ನಾನೂ ನಂಬಿದೆ. ಮಲಗಿಸಿದರೆ ಸಾಕು, ಕಿರುಚುತ್ತಿದ್ದ. ಮೂರು ರಾತ್ರಿ ಹೆಗಲ ಮೇಲೇ ಹಾಕಿಕೊಂಡು ಜಗಲಿಯಲ್ಲಿ ತಿರುಗಿದೆ. ನಾಲ್ಕನೇ ಬೆಳಿಗ್ಗೆ ನನ್ನ ಸೀರೆಯ ಹೆಗಲಿನಲ್ಲಿ ಹಳದಿ ಕಲೆ. ಕಿವಿ ಸೋರಿತ್ತು. ಒಳಗೆ ಕೀವು ತುಂಬಿ ತಮಟೆ ಒಡೆದಿತ್ತು. ಅವನ ಕಿವಿ ವಾಸಿಯಾಯಿತು, ಆದರೆ ಆ ಮೂರು ರಾತ್ರಿಯ ನೋವು ಅವನಿಗೆ ಬೇಕಿರಲಿಲ್ಲ. ಜ್ವರದ ಜೊತೆ ಕಿವಿ ಎಳೆದುಕೊಂಡರೆ, ಮಲಗಿಸಿದಾಗ ಅಳು ಜಾಸ್ತಿಯಾದರೆ ಕಿವಿ ತೋರಿಸಿ. ವಸಡೆಲ್ಲ ಕೆಂಪಾಗಿ ಊದಿ, ಮುಟ್ಟಿದರೆ ರಕ್ತ ಬಂದು, ಬಾಯಲ್ಲಿ ಹುಣ್ಣಿದ್ದರೆ ಅದು ವೈರಸ್ಸಿನ ಸೋಂಕಿರಬಹುದು. ಹಲ್ಲು ಬರುವಾಗ ಆ ಒಂದು ಜಾಗ ಮಾತ್ರ ಉಬ್ಬುತ್ತದೆ.

ಮಗು ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಕುಡಿದದ್ದೆಲ್ಲ ವಾಂತಿ ಮಾಡಿದರೆ, ಭೇದಿಯಲ್ಲಿ ರಕ್ತ ಕಂಡರೆ, ಆರು ಗಂಟೆ ಉಚ್ಚೆ ಹೊಯ್ಯದಿದ್ದರೆ, ಫಿಟ್ಸ್ ಬಂದರೆ, ಪಕ್ಕೆ ಒಳಗೆ ಸೆಳೆದು ಉಸಿರಾಡುತ್ತಿದ್ದರೆ ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ. ಮೂರು ತಿಂಗಳೊಳಗಿನ ಮಗುವಿಗೆ 100.4 ಬಂದರೆ ಬೇರೆ ಯಾವ ಲಕ್ಷಣವನ್ನೂ ಕಾಯಬೇಡಿ.

ಕಳೆದ ವಾರ ನೀವೇ ಫೋನ್ ಮಾಡಿದಿರಿ. ಭೇದಿ ನಿಂತು ಹನ್ನೊಂದು ದಿನ ಆಗಿತ್ತು. ಮಣ್ಣಿ ತಿನ್ನಿಸುವಾಗ ಚಮಚಕ್ಕೆ ಏನೋ ತಾಗಿ ಟಿಣ್ ಅಂತಂತೆ. ಅತ್ತೆಯವರು ಕನ್ನಡಕ ಹಾಕಿಕೊಂಡು ಬಂದು ಬೆರಳಿಟ್ಟು ನೋಡಿದರಂತೆ. ಕೆಳಗಿನ ವಸಡಲ್ಲಿ ಅಕ್ಕಿಕಾಳಿನಷ್ಟು ಬಿಳಿ ಅಂಚು. ಜ್ವರ ಇತ್ತಾ ಅಂತ ಕೇಳಿದೆ. ಇಲ್ಲ, ಎರಡು ರಾತ್ರಿ ಸ್ವಲ್ಪ ರಚ್ಚೆ, ಮೂರು ಬಟ್ಟೆ ತೋಯುವಷ್ಟು ಜೊಲ್ಲು, ಅಷ್ಟೇ ಅಂದಿರಿ.