ರಾ ಫೈಲಿನಲ್ಲಿರುವ ಮೋಡ ಜೆಪೆಗ್‌ನಲ್ಲಿ ಯಾಕಿಲ್ಲ?

ಪ್ರಶ್ನೆ: ಇಟಗಿ ಮಹಾದೇವ ದೇವಸ್ಥಾನದ ಮಂಟಪದೊಳಗೆ ನಿಂತು ಮಧ್ಯಾಹ್ನ ತೆಗೆದ ಫೋಟೋ ಇದೆ, ರಾ ಮತ್ತು ಜೆಪೆಗ್ ಎರಡೂ. ರಾದಲ್ಲಿ ಹೈಲೈಟ್ ಇಳಿಸಿದರೆ ಮೋಡ ಕಾಣುತ್ತೆ, ಜೆಪೆಗ್‌ನಲ್ಲಿ ಬರೀ ಬೂದು ಬಣ್ಣ. ಹಳೇ ಫೋಟೋಗಳೆಲ್ಲ ಜೆಪೆಗ್ ಮಾತ್ರ. 16 ಬಿಟ್ ಟಿಫ್ ಮಾಡಿಕೊಂಡರೆ ವಿವರ ವಾಪಸ್ ಬರುತ್ತಾ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಬರುವುದಿಲ್ಲ. ಟಿಫ್ ಮಾಡಿದರೆ ಇನ್ನು ಮುಂದೆ ಹಾಳಾಗುವುದು ತಪ್ಪುತ್ತದೆ, ಅಷ್ಟೇ.

ಮೊದಲು ಮೋಡದ ವಿಷಯ. ಬಿಸಿಲಿನಲ್ಲಿ ಸೆನ್ಸರ್‌ನ ಹಸಿರು ಮೊದಲು ತುಂಬುತ್ತದೆ, ಕೆಂಪು ಎಷ್ಟೋ ಸಲ ಅದರ ಅರ್ಧದಷ್ಟೇ ಇರುತ್ತದೆ. ಜೆಪೆಗ್ ಮಾಡುವಾಗ ಕ್ಯಾಮೆರಾ ವೈಟ್ ಬ್ಯಾಲೆನ್ಸ್‌ಗಾಗಿ ಕೆಂಪು, ನೀಲಿಯನ್ನು ಹೆಚ್ಚಿಸುತ್ತದೆ, ಮೇಲೆ ಕಾಂಟ್ರಾಸ್ಟ್ ಕೂಡ ಏರಿಸುತ್ತದೆ. ಜೆಪೆಗ್‌ನ ಗರಿಷ್ಠ ಅಂಕಿಯಾದ 255 ದಾಟಿದ್ದನ್ನೆಲ್ಲ ಅಲ್ಲೇ ಕತ್ತರಿಸಿಬಿಡುತ್ತದೆ. ನಿಮ್ಮ ಮೋಡ ಹೋಗಿದ್ದು ಹಾಗೆ. ಮೂರೂ ಬಣ್ಣ 255 ಆದ ಕಡೆ ಸ್ಲೈಡರ್ ಎಳೆದರೆ ಒಂದೇ ಸಮನಾದ ಬೂದು ಬರದೆ ಇನ್ನೇನು ಬರುತ್ತದೆ? ರಾದಲ್ಲಿ ಕತ್ತರಿಸುವ ಮೊದಲಿನ ಅಂಕಿಗಳೇ ಇವೆ. ಹಾಗಂತ ಅದಕ್ಕೂ ಮಿತಿ ಇದೆ. ಸೂರ್ಯನ ಹತ್ತಿರದ ಮೋಡದಲ್ಲಿ ಎಕ್ಸ್‌ಪೋಷರ್ ಇಳಿಸಿದಾಗ ಗುಲಾಬಿ ಛಾಯೆ ಕಂಡರೆ, ಸೆನ್ಸರ್‌ನಲ್ಲೇ ಹಸಿರು ತುಂಬಿಹೋಗಿದೆ ಅಂತ ತಿಳಿಯಿರಿ.

ಈಗ ಮಂಟಪದೊಳಗಿನ ಕತ್ತಲು. ನನ್ನ ಪ್ರಕಾರ ಇಟಗಿಯ ಫೋಟೋದಲ್ಲಿ ಆಕಾಶಕ್ಕಿಂತ ಇದೇ ಮುಖ್ಯ, ನೋಡಬೇಕಾದದ್ದು ಆ ಕಡೆದ ಕಂಬಗಳನ್ನೇ ಅಲ್ವಾ? ಪೂರ್ಣ ಬಿಳಿಗಿಂತ 5 ಸ್ಟಾಪ್ ಕೆಳಗಿರುವ, ಅಂದರೆ ಬೆಳಕು ಐದು ಸಲ ಅರ್ಧಕ್ಕೆ ಇಳಿದ ಕಂಬವನ್ನು ತಗೊಳ್ಳಿ. ಆ ಒಂದು ಸ್ಟಾಪ್‌ನ ನೆರಳಿಗೆ 14 ಬಿಟ್ ರಾದಲ್ಲಿ ಬೆಳಕಿನ 256 ಮೆಟ್ಟಿಲುಗಳಿವೆ. ಜೆಪೆಗ್‌ನಲ್ಲಿ ಸುಮಾರು 15. ಎರಡು ಸ್ಟಾಪ್ ಎತ್ತಿದರೆ ಆ 15 ಮೆಟ್ಟಿಲೇ ದೂರ ದೂರ ಹರಡಿ, ಕಂಬದ ಉರುಟು ಪಟ್ಟಿ ಪಟ್ಟಿಯಾಗಿ ಒಡೆಯುತ್ತದೆ. ಇದರ ಮೇಲೆ ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್ ಚೌಕಗಳಾಗಿ ಕತ್ತರಿಸಿ, ಸಣ್ಣ ವಿವರ ಬಿಟ್ಟು ಉಳಿಸುತ್ತದೆ. 200% ಝೂಮ್ ಮಾಡಿ ನೋಡಿ, ನೆರಳಿನಲ್ಲಿ ಆ ಚೌಕಗಳು ಎದ್ದು ಕಾಣುತ್ತವೆ. ರಾದಲ್ಲಿ ಅದೇ ಜಾಗದಲ್ಲಿ ನಾಯ್ಸ್ ಇರುತ್ತದೆ, ಆದರೆ ಅದರ ಹಿಂದೆ ಕೆತ್ತನೆ ಉಳಿದಿರುತ್ತದೆ. ನಾಯ್ಸನ್ನು ಆಮೇಲೆ ತಗ್ಗಿಸಬಹುದು.

ಹಳೇ ಜೆಪೆಗ್‌ಗಳಿಗೆ ಹೀಗೆ ಮಾಡಿ. ಮೂಲ ಫೈಲ್ ಮುಟ್ಟದೆ ಅದರ ಕಾಪಿಯನ್ನು 16 ಬಿಟ್‌ನಲ್ಲಿ ತೆರೆಯಿರಿ. ನೆರಳನ್ನು ಒಂದು ಸ್ಟಾಪ್‌ಗಿಂತ ಜಾಸ್ತಿ ಎತ್ತಬೇಡಿ. ಚೌಕಗಳು ಕಾಣುತ್ತಿದ್ದರೆ ಶಾರ್ಪನ್ ಮಾಡಲೇಬೇಡಿ, ಅವುಗಳ ಅಂಚೇ ಮೊದಲು ಚೂಪಾಗುತ್ತದೆ. ಮಧ್ಯೆ ಮಧ್ಯೆ ಟಿಫ್ ಆಗಿ ಸೇವ್ ಮಾಡಿ, ಕೊನೆಗೆ ಒಂದೇ ಸಲ ಜೆಪೆಗ್ ತೆಗೆಯಿರಿ.

ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದ ಫೈಲಾದರೆ ಅದರ ಮೇಲೆ ಸುಮ್ನೆ ಸಮಯ ಹಾಳು ಮಾಡಬೇಡಿ. ಕಳಿಸಿದವರಿಗೆ ಹೇಳಿ ಮೂಲ ಫೈಲನ್ನೇ ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ.